ಸಿಂಥೆಟಿಕ್ ಬಟ್ಟೆಯ ಮೇಲೆ ಏಳುವ ಗುಂಜಿನ ಉಂಡೆಗಳು: ಶೇವರ್ ಮತ್ತು ಬಾಚಣಿಗೆ ಬಳಸುವಾಗಿನ ತೊಂದರೆಗಳ ಪತ್ತೆ ಮತ್ತು ಪರಿಹಾರ

ಅಕ್ರಿಲಿಕ್ ಸ್ವೆಟರ್, ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಬೆರೆತ ಶಾಲಾ ಸಮವಸ್ತ್ರ, ಹತ್ತಿಯೊಂದಿಗೆ ಪಾಲಿಯೆಸ್ಟರ್ ಸೇರಿಸಿ ಹೆಣೆದ ಟೀ ಶರ್ಟು ಇವೆಲ್ಲ ಕೆಲವು ತಿಂಗಳು ತೊಟ್ಟು ಒಗೆಯುವಷ್ಟರಲ್ಲಿ ಮೈತುಂಬ ಸಣ್ಣ ಉಂಡೆಗಳನ್ನು ಹೊತ್ತುಕೊಂಡು ಹಳತಾದಂತೆ ಕಾಣತೊಡಗುತ್ತವೆ. ಅಂಗಡಿಗಳಲ್ಲಿ ಲಿಂಟ್ ರಿಮೂವರ್ ಎಂಬ ಹೆಸರಿನಲ್ಲಿ ಸಿಗುವ ಬಟ್ಟೆಯ ಶೇವರಿನಿಂದಲೂ, ಸ್ವೆಟರ್ ಬಾಚಣಿಗೆಯಿಂದಲೂ ಇವುಗಳನ್ನು ತೆಗೆಯಬಹುದು. ಆದರೆ ಬಟ್ಟೆ ಹಾಳಾಗುವುದು ಉಂಡೆಗಳಿಂದಲ್ಲ, ಅವುಗಳನ್ನು ತೆಗೆಯುವ ಅವಸರದಿಂದ. ಆದುದರಿಂದ ಈ ಬರಹವನ್ನು ಜನರ ಕಣ್ಣಿಗೆ ಬೀಳುವ ಲಕ್ಷಣಗಳ ಮೇಲೆಯೇ ಕಟ್ಟಲಾಗಿದೆ. ಖರ್ಚಿಲ್ಲದ ಪರೀಕ್ಷೆಗಳು ಮೊದಲು ಬರುತ್ತವೆ, ಯಂತ್ರವನ್ನು ಬಿಚ್ಚಬೇಕಾದ ಸಂದರ್ಭಗಳು ಆಮೇಲೆ ಬರುತ್ತವೆ.

ಒಂದು ಸಂಗತಿಯನ್ನು ಮೊದಲೇ ತಿಳಿದಿದ್ದರೆ ಮುಂದಿನದೆಲ್ಲ ಸುಲಭವಾಗುತ್ತದೆ. ಬಟ್ಟೆ ಉಜ್ಜಿದಾಗ ನೂಲಿನಿಂದ ಬಿಡಿ ಎಳೆಗಳ ತುದಿಗಳು ಹೊರಬಂದು ನವಿರಾದ ಗುಂಜಾಗುತ್ತವೆ, ಆ ಗುಂಜು ಮತ್ತಷ್ಟು ಉಜ್ಜಾಟದಲ್ಲಿ ಸುತ್ತಿಕೊಂಡು ಉಂಡೆಯಾಗುತ್ತದೆ. ಹತ್ತಿ ಮತ್ತು ಉಣ್ಣೆಯ ಎಳೆಗಳು ಅಷ್ಟೇನೂ ಗಟ್ಟಿಯಲ್ಲದ ಕಾರಣ ಅಲ್ಲಿನ ಉಂಡೆಗಳಲ್ಲಿ ಬಹುಪಾಲು ತೊಡುತ್ತ ಒಗೆಯುತ್ತ ತಾವೇ ಕಳಚಿ ಬೀಳುತ್ತವೆ. ಪಾಲಿಯೆಸ್ಟರ್ ಮತ್ತು ನೈಲಾನ್ ಎಳೆಗಳು ಸುಲಭಕ್ಕೆ ತುಂಡಾಗುವುದಿಲ್ಲ. ಬೆರಕೆಯ ಬಟ್ಟೆಯಲ್ಲಿ ಹತ್ತಿಯ ಅಥವಾ ವಿಸ್ಕೋಸಿನ ಗುಂಜು ಉಂಡೆಯನ್ನು ದಪ್ಪ ಮಾಡುತ್ತದೆ, ಪಾಲಿಯೆಸ್ಟರ್ ಎಳೆ ಅದನ್ನು ಬಟ್ಟೆಗೆ ಬಿಗಿಹಿಡಿಯುತ್ತದೆ. ಒಂದು ಉಂಡೆಯನ್ನು ಉಗುರಿನಿಂದ ಮೆಲ್ಲಗೆ ಎತ್ತಿ ಬೆಳಕಿಗೆ ಹಿಡಿದು ನೋಡಿದರೆ, ಕಾಯಿಗೆ ತೊಟ್ಟಿರುವಂತೆ, ಕೂದಲಿಗಿಂತ ಸಪೂರವಾದ ಕೆಲವು ಎಳೆಗಳು ಅದರ ಬುಡದಿಂದ ಬಟ್ಟೆಯೊಳಕ್ಕೆ ಇಳಿದಿರುವುದು ಕಾಣುತ್ತದೆ. ಕತ್ತರಿಸಬೇಕಾದುದು ಈ ತೊಟ್ಟನ್ನು ಮಾತ್ರ. ಉಂಡೆಯನ್ನು ಹಿಡಿದು ಕಿತ್ತರೆ ತೊಟ್ಟಿನ ಎಳೆಗಳು ಇನ್ನಷ್ಟು ಉದ್ದಕ್ಕೆ ಹೊರಬಂದು ಮುಂದಿನ ಉಂಡೆಗೆ ತಾವೇ ನೂಲು ಒದಗಿಸುತ್ತವೆ. ಬೇಸರ ಕಳೆಯಲು ಕುಳಿತಲ್ಲೇ ಉಂಡೆ ಕೀಳುವ ಅಭ್ಯಾಸವನ್ನು ಬಿಡಬೇಕೆಂದು ನಾನು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಲಕ್ಷಣ: ಬಟ್ಟೆಯ ಮೇಲೆ ಚುಕ್ಕೆಗಳಿವೆ, ಆದರೆ ಅವು ಉಂಡೆಗಳೇ ಎಂದು ಖಚಿತವಿಲ್ಲ

ಶೇವರನ್ನು ಕೈಗೆತ್ತಿಕೊಳ್ಳುವ ಮುನ್ನ ಅಗಲವಾದ ಅಂಟುಪಟ್ಟಿಯ ಒಂದು ತುಂಡನ್ನು ಬಟ್ಟೆಯ ಮೇಲೆ ಒತ್ತಿ ಎತ್ತಬೇಕು. ಚುಕ್ಕೆಗಳು ಪಟ್ಟಿಗೆ ಅಂಟಿಕೊಂಡು ಬಂದರೆ ಅವು ಟವೆಲು, ಬೆಡ್‌ಶೀಟು ಅಥವಾ ಜೇಬಿನಲ್ಲಿ ಉಳಿದ ಕಾಗದದಿಂದ ಉದುರಿ ಕೂತ ಕಸವಷ್ಟೇ ಆಗಿರುತ್ತವೆ; ಅವುಗಳಿಗೆ ಅಂಟುಪಟ್ಟಿಯೇ ಸಾಕು, ಬ್ಲೇಡು ಬೇಡ. ಕಪ್ಪು ಪ್ಯಾಂಟಿನ ಮೇಲೆ ಬಿಳಿಯ ಚುಕ್ಕೆಗಳು ಕಂಡರೆ ಮೊದಲ ಸಂಶಯ ಟವೆಲಿನ ಮೇಲೆಯೇ ಇರಲಿ. ಪಟ್ಟಿ ಎತ್ತಿದಾಗ ಚುಕ್ಕೆ ನಿಗುರಿ ನಿಂತು ಬಟ್ಟೆಯಲ್ಲೇ ಉಳಿದರೆ ಅದು ನಿಜವಾದ ಉಂಡೆ.

ಇನ್ನೊಂದು ಸಾಧ್ಯತೆಯನ್ನು ಇಲ್ಲಿಯೇ ಗುರುತಿಸಿಕೊಳ್ಳಬೇಕು, ಏಕೆಂದರೆ ಶೇವರಿನಿಂದಾಗುವ ತೂತುಗಳಲ್ಲಿ ಹಲವು ಇದರಿಂದಲೇ ಹುಟ್ಟುತ್ತವೆ. ಬಳೆಗೋ ಕುರ್ಚಿಯ ಮೊಳೆಗೋ ಸಿಕ್ಕಿ ನೂಲಿನ ಒಂದು ಕುಣಿಕೆ ಹೊರಗೆ ಎದ್ದಿದ್ದರೆ ಅದೂ ದೂರದಿಂದ ಉಂಡೆಯಂತೆಯೇ ಕಾಣುತ್ತದೆ. ಉಂಡೆಯಲ್ಲಿ ಎಳೆಗಳು ಗೋಜಲಾಗಿ ಸುತ್ತಿರುತ್ತವೆ. ಎದ್ದ ಕುಣಿಕೆಯಲ್ಲಿ ಇಡೀ ನೂಲೇ ಬಾಗಿ ನಿಂತಿರುತ್ತದೆ, ಅದರ ಎರಡೂ ಪಕ್ಕದಲ್ಲಿ ಬಟ್ಟೆ ಗೆರೆಯಂತೆ ಸುಕ್ಕಾಗಿರುತ್ತದೆ. ಇದನ್ನು ಕತ್ತರಿಸಿದರೆ ಬಟ್ಟೆಯ ನೂಲನ್ನೇ ಕತ್ತರಿಸಿದಂತೆ. ದಪ್ಪ ಸೂಜಿಯನ್ನೋ ಕ್ರೋಶೆ ಕಡ್ಡಿಯನ್ನೋ ಬಳಸಿ ಕುಣಿಕೆಯನ್ನು ಒಳಮಗ್ಗುಲಿಗೆ ಎಳೆದುಕೊಂಡು, ಬಟ್ಟೆಯನ್ನು ಅಡ್ಡಕ್ಕೂ ಉದ್ದಕ್ಕೂ ಹಗುರವಾಗಿ ಹಿಗ್ಗಿಸಿ ಸಮ ಮಾಡಬೇಕು. ಅಂಥ ಕುಣಿಕೆಗಳೆಲ್ಲ ಒಳಗೆ ಹೋದ ಮೇಲಷ್ಟೇ ಆ ಬಟ್ಟೆಯ ಮೇಲೆ ಶೇವರ್ ಆಡಿಸಬಹುದು.

ಲಕ್ಷಣ: ಕೆಲವೇ ಜಾಗಗಳಲ್ಲಿ ಉಂಡೆಗಳು ದಟ್ಟವಾಗಿವೆ, ಅಥವಾ ಬಟ್ಟೆಯ ತುಂಬ ಒಂದೇ ಸಮನಾಗಿವೆ

ಕಂಕುಳು, ತೋಳಿನ ಒಳಮಗ್ಗುಲು, ಚೀಲದ ಪಟ್ಟಿ ಕೂರುವ ಹೆಗಲು, ತೊಡೆಗಳ ಒಳಭಾಗ ಇಂಥ ಕಡೆ ಮಾತ್ರ ಉಂಡೆಗಳಿದ್ದರೆ ಅವು ತೊಟ್ಟಾಗಿನ ಉಜ್ಜಾಟದಿಂದ ಬಂದವು. ಇಡೀ ಬಟ್ಟೆಯಲ್ಲಿ ಸಮನಾಗಿ ಎದ್ದಿದ್ದರೆ ಕಾರಣವನ್ನು ಒಗೆಯುವ ರೀತಿಯಲ್ಲಿ ಹುಡುಕಬೇಕು: ಮೃದುವಾದ ಟೀ ಶರ್ಟನ್ನು ಜೀನ್ಸಿನ ಜೊತೆ ಯಂತ್ರಕ್ಕೆ ಹಾಕಿರುತ್ತೇವೆ, ಇಲ್ಲವೇ ಒಗೆಯುವ ಕಲ್ಲಿನ ಮೇಲೆ ಬ್ರಷ್ಷಿನಿಂದ ತಿಕ್ಕಿರುತ್ತೇವೆ. ಈ ವ್ಯತ್ಯಾಸದಿಂದ ಕೆಲಸದ ಪ್ರಮಾಣವೂ ತಿಳಿಯುತ್ತದೆ. ಹೆಗಲಿನಲ್ಲಷ್ಟೇ ಉಂಡೆಗಳಿರುವ ಸ್ವೆಟರಿನ ಬೆನ್ನಿಗೆ ಶೇವರ್ ಹಿಡಿಯುವುದರಲ್ಲಿ ಅರ್ಥವಿಲ್ಲ. ಉಂಡೆಯಿಲ್ಲದ ಕಡೆ ಅದು ಬಟ್ಟೆಯ ನವಿರನ್ನು ಮಾತ್ರ ಕತ್ತರಿಸುತ್ತದೆ.

ಲಕ್ಷಣ: ಬಾಚಣಿಗೆ ಸಿಕ್ಕಿಕೊಳ್ಳುತ್ತದೆ, ಬಟ್ಟೆಯನ್ನು ಎಳೆಯುತ್ತದೆ

ಬಾಚಣಿಗೆಯಲ್ಲಿ ವಿದ್ಯುತ್ತಿಲ್ಲ, ಬ್ಲೇಡು ತಿರುಗುವುದಿಲ್ಲ ಎಂಬ ಕಾರಣಕ್ಕೆ ಅದನ್ನು ಎಲ್ಲ ಬಟ್ಟೆಗೂ ಸುರಕ್ಷಿತವೆಂದು ತಿಳಿಯಬಾರದು. ಅದರ ಸಣ್ಣ ಹಲ್ಲುಗಳೋ ಲೋಹದ ಜಾಲರಿಯೋ ಉಂಡೆಯನ್ನು ಹಿಡಿದು ಎಳೆದು ತೆಗೆಯುತ್ತವೆ. ಉಣ್ಣೆ ಹೆಚ್ಚಿರುವ ದಪ್ಪ ಹೆಣಿಗೆಯಲ್ಲಿ ತೊಟ್ಟು ಬೇಗ ಹರಿಯುವ ಕಾರಣ ಇದು ಚೆನ್ನಾಗಿ ಒಪ್ಪುತ್ತದೆ. ಪಾಲಿಯೆಸ್ಟರ್ ಹೆಚ್ಚಿರುವ ತೆಳು ಟೀ ಶರ್ಟಿನಲ್ಲಿ ತೊಟ್ಟು ಹರಿಯದೆ ಬಟ್ಟೆಯೇ ಹಿಂದೆ ಬರುತ್ತದೆ. ಸಿಕ್ಕಿಕೊಳ್ಳುವುದರ ಅರ್ಥ ಇಷ್ಟೇ: ಆ ಬಟ್ಟೆಗೆ ಆ ಸಲಕರಣೆ ತಕ್ಕುದಲ್ಲ.

ಅಕ್ರಿಲಿಕ್ ಮತ್ತು ಉಣ್ಣೆ ಬೆರೆತ ದಪ್ಪ ಸ್ವೆಟರಿಗೆ ಬಾಚಣಿಗೆ ಬಳಸುವುದಾದರೆ ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಒಂದು ಕೈಯಿಂದ ಅದನ್ನು ಸಮನಾಗಿ ಒತ್ತಿ ಹಿಡಿದು, ಒಂದೇ ದಿಕ್ಕಿನಲ್ಲಿ ಎರಡು ಮೂರು ಬೆರಳಗಲದಷ್ಟು ಚಿಕ್ಕದಾಗಿ ಬಾಚಬೇಕು. ಹಿಂದಕ್ಕೂ ಮುಂದಕ್ಕೂ ಉಜ್ಜುವುದು ಹೊಸ ಗುಂಜನ್ನು ಎಬ್ಬಿಸುತ್ತದೆ. ಬಾಚಣಿಗೆ ಒಂದು ಉಂಡೆಯಲ್ಲಿ ನಿಂತುಬಿಟ್ಟರೆ ಬಲ ಹಾಕದೆ ಅದನ್ನು ಎತ್ತಿ, ಆ ಉಂಡೆಯ ತೊಟ್ಟನ್ನು ಚಿಕ್ಕ ಕತ್ತರಿಯಿಂದ ತುಂಡರಿಸಬೇಕು. ಗಡ್ಡ ಹೆರೆಯುವ ರೇಜರಿನ ಸಲಹೆಯೂ ಆಗಾಗ ಕೇಳಿಬರುತ್ತದೆ. ಅದರ ಅಲಗಿಗೂ ಬಟ್ಟೆಗೂ ನಡುವೆ ಜಾಲರಿಯ ತಡೆಯಿಲ್ಲದಿರುವುದರಿಂದ ಹೆಣಿಗೆಯ ಬಟ್ಟೆಗೆ ನಾನು ಅದನ್ನು ಒಪ್ಪುವುದಿಲ್ಲ.

ಉಂಡೆಯನ್ನು ಬೆಂಕಿಯಿಂದ ಸುಡುವ ಉಪಾಯವನ್ನಂತೂ ಯಾರೂ ಪ್ರಯತ್ನಿಸಬಾರದು. ಗಿರಣಿಗಳಲ್ಲಿ ಹೊಸ ಬಟ್ಟೆಯ ಗುಂಜನ್ನು ಜ್ವಾಲೆಯ ಮೇಲೆ ವೇಗವಾಗಿ ಹಾಯಿಸಿ ಸುಡುವ ಕ್ರಮವಿದೆ, ಆದರೆ ಅಲ್ಲಿನ ವೇಗವೂ ಅಂತರವೂ ಯಂತ್ರದ ಹಿಡಿತದಲ್ಲಿರುತ್ತವೆ. ಮನೆಯಲ್ಲಿ ಊದುಬತ್ತಿಯನ್ನೋ ಲೈಟರನ್ನೋ ಹಿಡಿದರೆ ಪಾಲಿಯೆಸ್ಟರ್ ಕರಗಿ ಗಟ್ಟಿಯಾದ ಮಣಿಯಾಗಿ ಚರ್ಮಕ್ಕೆ ಚುಚ್ಚುತ್ತದೆ. ಅಕ್ರಿಲಿಕ್ ಸ್ವೆಟರ್ ಬೇಗ ಹೊತ್ತಿಕೊಂಡು ಉರಿಯಬಲ್ಲುದು.

ಲಕ್ಷಣ: ಶೇವರ್ ಸದ್ದು ಮಾಡುತ್ತದೆ, ಆದರೆ ಉಂಡೆಗಳು ಹಾಗೆಯೇ ಉಳಿಯುತ್ತವೆ

ಶೇವರಿನ ಮುಂಭಾಗದಲ್ಲಿ ತೂತುಗಳಿರುವ ಲೋಹದ ಜಾಲರಿಯಿದೆ, ಅದರ ಬೆನ್ನಿಗೆ ಬ್ಲೇಡು ತಿರುಗುತ್ತದೆ. ಉಂಡೆ ತೂತಿನೊಳಗೆ ಇಳಿದಾಗ ಬ್ಲೇಡು ತೊಟ್ಟನ್ನು ಕತ್ತರಿಸುತ್ತದೆ, ತುಂಡಾದುದು ಹಿಂದಿನ ಡಬ್ಬಿಗೆ ಸೇರುತ್ತದೆ. ಕತ್ತರಿಸುತ್ತಿಲ್ಲ ಎಂದಾಗ ಹೊಸ ಬ್ಲೇಡು ಕೊಳ್ಳಲು ಹೊರಡುವ ಬದಲು ಡಬ್ಬಿಯನ್ನು ಮೊದಲು ನೋಡಬೇಕು. ಡಬ್ಬಿ ತುಂಬಿದ್ದರೆ ಕಸ ಹಿಂದಕ್ಕೆ ಸರಿಯಲಾರದೆ ಬ್ಲೇಡಿನ ಸುತ್ತಲೇ ಕಟ್ಟಿಕೊಳ್ಳುತ್ತದೆ. ಅದು ಅರ್ಧ ತುಂಬುತ್ತಿದ್ದಂತೆ ಬರಿದು ಮಾಡುವುದು ಒಳ್ಳೆಯ ರೂಢಿ.

ಎರಡನೆಯ ಪರೀಕ್ಷೆ ಸದ್ದಿನದು. ಬಟ್ಟೆಯಿಂದ ದೂರ ಹಿಡಿದಾಗ ಮೋಟಾರು ಚುರುಕಾಗಿ ಕೂಗಿ, ಬಟ್ಟೆಗೆ ತಾಗಿಸಿದೊಡನೆ ಸ್ವರ ಕುಗ್ಗಿದರೆ ಚಾರ್ಜು ಅಥವಾ ಸೆಲ್ಲು ಇಳಿದಿದೆ ಎಂದೇ ಹೆಚ್ಚಿನ ಸಲ ಅರ್ಥ. ನಿಧಾನವಾಗಿ ತಿರುಗುವ ಬ್ಲೇಡು ತೊಟ್ಟನ್ನು ಕತ್ತರಿಸದೆ ಸುತ್ತಿಕೊಂಡು ಎಳೆಯುತ್ತದೆ, ಆದ್ದರಿಂದ ಇಳಿದ ಚಾರ್ಜಿನಲ್ಲಿ ಹೇಗೋ ಮುಗಿಸಿಬಿಡೋಣ ಎಂದುಕೊಳ್ಳಬಾರದು. ಮೂರನೆಯದಾಗಿ, ಎತ್ತರ ಹೊಂದಿಸುವ ಉಂಗುರವಿರುವ ಶೇವರಿನಲ್ಲಿ ಅದು ಅತಿ ದೂರದ ಮಟ್ಟದಲ್ಲಿದ್ದರೆ ಸಣ್ಣ ಉಂಡೆಗಳು ಜಾಲರಿಯನ್ನು ಮುಟ್ಟುವುದೇ ಇಲ್ಲ. ಆಗ ಒಂದು ಮಟ್ಟ ಮಾತ್ರ ತಗ್ಗಿಸಿ ನೋಡಬೇಕು. ಬಟ್ಟೆ ಒದ್ದೆಯಾಗಿದ್ದರೂ ಉಂಡೆಗಳು ಚಪ್ಪಟೆಯಾಗಿ ಮಲಗಿ ತೂತಿಗೆ ಇಳಿಯುವುದಿಲ್ಲ.

ಇವೆಲ್ಲ ಸರಿಯಿದ್ದರೆ ಶೇವರನ್ನು ಆರಿಸಿ, ಪ್ಲಗ್ಗಿನಿಂದ ಬಿಡಿಸಿ ಅಥವಾ ಸೆಲ್ಲು ತೆಗೆದು, ಆಮೇಲಷ್ಟೇ ಜಾಲರಿಯನ್ನು ಕಳಚಬೇಕು. ಬ್ಲೇಡಿನ ನಡುಗೂಟಕ್ಕೆ ಸುತ್ತಿದ ಎಳೆಗಳನ್ನು ಯಂತ್ರದ ಜೊತೆ ಬರುವ ಕಿರುಬ್ರಷ್ಷಿನಿಂದಲೋ ಚಿಮುಟದಿಂದಲೋ ತೆಗೆಯಬೇಕು, ಬೆರಳಿನಿಂದಲ್ಲ. ಮೋಟಾರಿನ ಭಾಗಕ್ಕೆ ನೀರು ತಾಗಿಸಕೂಡದು. ಶುಚಿ ಮಾಡಿದ ಬಳಿಕವೂ ಕತ್ತರಿಸದಿದ್ದರೆ ಬ್ಲೇಡು ಮೊಂಡಾಗಿದೆ. ಅದೇ ಮಾದರಿಯ ಬದಲಿ ಬ್ಲೇಡು ಸಿಕ್ಕರೆ ಹಾಕಬಹುದು, ಮನೆಯಲ್ಲಿ ಅದನ್ನು ಮಸೆಯುವ ಪ್ರಯತ್ನ ಬೇಡ. ಚಾರ್ಜು ಮಾಡುವಾಗ ಯಂತ್ರ ತುಂಬ ಬಿಸಿಯಾದರೆ, ಅದರ ಮೈ ಉಬ್ಬಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಬೇಕು. ಅಂಥ ಯಂತ್ರವನ್ನು ಬಿಚ್ಚದೆ ಸರ್ವೀಸ್ ಕೇಂದ್ರಕ್ಕೆ ತೋರಿಸಬೇಕು, ಅಥವಾ ಇ-ತ್ಯಾಜ್ಯ ಪಡೆಯುವವರಿಗೆ ಒಪ್ಪಿಸಬೇಕು.

ಲಕ್ಷಣ: ಶೇವರ್ ಬಟ್ಟೆಯನ್ನು ಕಚ್ಚಿಕೊಂಡು ನಿಂತುಬಿಡುತ್ತದೆ

ಇದು ಎಲ್ಲಕ್ಕಿಂತ ಅಪಾಯದ ಘಳಿಗೆ, ಮತ್ತು ಇಲ್ಲಿ ಕೈ ತಾನಾಗಿ ಮಾಡಹೊರಡುವ ಕೆಲಸವೇ ತಪ್ಪಾದುದು. ಯಂತ್ರವನ್ನು ಜಗ್ಗಿ ಬಿಡಿಸಿದರೆ ಬ್ಲೇಡಿಗೆ ಸಿಕ್ಕ ನೂಲು ಹರಿಯುತ್ತದೆ. ಮೊದಲು ಗುಂಡಿ ಆರಿಸಿ ವಿದ್ಯುತ್ತನ್ನು ಕಡಿಯಬೇಕು. ಬಟ್ಟೆಯೂ ಯಂತ್ರವೂ ಮೇಜಿನ ಮೇಲೆ ಇದ್ದಂತೆಯೇ ಇರಲಿ. ಅನಂತರ ಬಟ್ಟೆಯನ್ನು ಎಳೆಯದಂತೆ ಜಾಲರಿಯ ಉಂಗುರವನ್ನು ಬಿಚ್ಚಿ, ಬ್ಲೇಡನ್ನು ಚಿಮುಟದ ತುದಿಯಿಂದ ಅದು ತಿರುಗುತ್ತಿದ್ದ ದಿಕ್ಕಿಗೆ ವಿರುದ್ಧವಾಗಿ ಸ್ವಲ್ಪವೇ ತಿರುಗಿಸಿದರೆ ಸಿಕ್ಕಿದ ಎಳೆ ಬಹುತೇಕ ಸಡಿಲವಾಗುತ್ತದೆ.

ಬಟ್ಟೆ ಸಿಕ್ಕಲು ಬಹುಮಟ್ಟಿಗೆ ಎರಡು ಕಾರಣಗಳು. ಬಟ್ಟೆ ಸಡಿಲವಾಗಿ ಹರಡಿದ್ದರೆ ಅದರ ಸುಕ್ಕು ತೂತಿನೊಳಗೆ ನುಗ್ಗುತ್ತದೆ, ಬ್ಲೇಡು ಆ ಸುಕ್ಕಿನ ನೆತ್ತಿಯನ್ನು ಉಂಡೆಯೆಂದೇ ಕತ್ತರಿಸುತ್ತದೆ. ಒತ್ತಿ ಹಿಡಿದಾಗಲೂ ಇದೇ ಆಗುತ್ತದೆ. ಉಂಡೆ ಹೋಗಲಿಲ್ಲವೆಂದು ಒತ್ತಡ ಹೆಚ್ಚಿಸಿದಷ್ಟೂ ಬಟ್ಟೆಯ ಮೈ ಬ್ಲೇಡಿಗೆ ಹತ್ತಿರವಾಗುತ್ತದೆ. ಜಾಲರಿಯನ್ನು ಒಮ್ಮೆ ಬೆಳಕಿಗೆ ಹಿಡಿದು ನೋಡುವುದೂ ಅಗತ್ಯ. ಅದು ಎಲ್ಲಾದರೂ ತಗ್ಗಾಗಿದ್ದರೆ ಅಥವಾ ಎರಡು ತೂತುಗಳು ಹರಿದು ಒಂದಾಗಿದ್ದರೆ ಆ ಶೇವರನ್ನು ಯಾವ ಬಟ್ಟೆಗೂ ಬಳಸಬಾರದು.

ಕೆಲವು ಬಟ್ಟೆಗಳಿಗೆ ಶೇವರ್ ಮೊದಲಿನಿಂದಲೇ ಸಲ್ಲದು. ವೆಲ್ವೆಟ್ಟು, ಫ್ಲೀಸ್ ಇಂಥವುಗಳಲ್ಲಿ ಎದ್ದಿರುವ ನವಿರೇ ಬಟ್ಟೆಯ ಅಂದ. ಲೇಸು ಮತ್ತು ಬಲೆಯಂಥ ಬಟ್ಟೆಯಲ್ಲಿ ನೂಲು ನೇರವಾಗಿ ತೂತಿಗೆ ಇಳಿಯುತ್ತದೆ. ಜರಿ, ಮಣಿ, ಕಸೂತಿ ಇರುವ ಕಡೆಯಂತೂ ಹತ್ತಿರವೂ ಸುಳಿಯಬಾರದು. ಲೇಬಲ್ಲಿನಲ್ಲಿ ಎಲಾಸ್ಟೇನ್ ಅಥವಾ ಸ್ಪ್ಯಾಂಡೆಕ್ಸ್ ಎಂದಿರುವ ಲೆಗ್ಗಿಂಗ್ಸಿನಲ್ಲಿ ರಬ್ಬರಿನಂತೆ ಹಿಗ್ಗುವ ಎಳೆಯೊಂದು ತುಂಡಾದರೆ ಆ ಜಾಗ ಅಲೆಯಲೆಯಾಗಿ ಸಡಿಲಗೊಳ್ಳುತ್ತದೆ, ಮತ್ತೆ ಸರಿಹೋಗುವುದಿಲ್ಲ. ಅಲ್ಲಿ ಶೇವರ್ ಬೇಕೇ ಬೇಕೆಂದರೆ ಬಟ್ಟೆಯನ್ನು ಹಿಗ್ಗಿಸದೆ, ಅತಿ ದೂರದ ಮಟ್ಟದಲ್ಲಿ, ಒಂದೇ ಸಲ ಹಾಯಿಸಬೇಕು.

ಒಂದು ಸ್ವೆಟರಿನ ಉದಾಹರಣೆ

ಚಳಿಗಾಲ ಮುಗಿಯುವ ಹೊತ್ತಿನ ಒಂದು ಶಾಲಾ ಸ್ವೆಟರನ್ನು ತೆಗೆದುಕೊಳ್ಳೋಣ: ಪೂರ್ತಿ ಅಕ್ರಿಲಿಕ್, ಕಡುಗೆಂಪು ಬಣ್ಣ, ಪುಸ್ತಕದ ಚೀಲದ ಪಟ್ಟಿ ಕೂರುವ ಎರಡೂ ಹೆಗಲಿನಲ್ಲಿ ಮತ್ತು ಕಂಕುಳಿನಲ್ಲಿ ಉಂಡೆಗಳು. ಒಗೆದು ಪೂರ್ತಿ ಒಣಗಿದ ಸ್ವೆಟರಿನಿಂದಲೇ ಆರಂಭಿಸಬೇಕು, ಏಕೆಂದರೆ ಬೆವರು ಮತ್ತು ಮಣ್ಣು ಹಿಡಿದ ಉಂಡೆಗಳು ಜಾಲರಿಯನ್ನು ಬೇಗ ಕಟ್ಟಿಹಾಕುತ್ತವೆ. ಮೈಮೇಲೆ ತೊಟ್ಟಿರುವಾಗ ಶೇವರ್ ಆಡಿಸುವುದು ಚರ್ಮಕ್ಕೂ ಬಟ್ಟೆಗೂ ಅಪಾಯ. ಮೇಜಿನ ಮೇಲೆ ಹರಡಿ, ತೋಳು ಮತ್ತು ಹೆಗಲಿನೊಳಗೆ ಒಂದು ಗಟ್ಟಿ ರಟ್ಟನ್ನು ತೂರಿಸಿದರೆ ಮೈ ಸಮವಾಗುತ್ತದೆ, ಹಿಂದಿನ ಪದರ ಬ್ಲೇಡಿಗೆ ಸಿಕ್ಕುವುದೂ ತಪ್ಪುತ್ತದೆ. ಗುಂಡಿ, ಜಿಪ್ಪು, ಶಾಲೆಯ ಲಾಂಛನ ಮತ್ತು ಹೊಲಿಗೆಯ ಉಬ್ಬುಗೆರೆಗಳನ್ನು ಎಲ್ಲಿವೆ ಎಂದು ಬೆರಳಿನಿಂದ ಸವರಿ ಮೊದಲೇ ಗುರುತಿಸಿಕೊಳ್ಳಬೇಕು. ಅವುಗಳಿಂದ ಒಂದು ಬೆರಳಗಲ ದೂರದಲ್ಲೇ ಶೇವರ್ ನಿಲ್ಲಲಿ.

ಮೊದಲ ಪ್ರಯೋಗ ಹೆಗಲಿನ ಮೇಲಲ್ಲ, ಕಂಕುಳಿನ ಕೆಳಗೆ ಕಾಣದ ಒಂದು ನಾಣ್ಯದಷ್ಟು ಜಾಗದಲ್ಲಿ. ಎತ್ತರದ ಉಂಗುರವನ್ನು ಅತಿ ದೂರದ ಮಟ್ಟಕ್ಕಿಟ್ಟು, ಶೇವರ್ ಚಾಲೂ ಮಾಡಿ, ಅದರ ತೂಕವನ್ನೂ ಬಟ್ಟೆಯ ಮೇಲೆ ಬಿಡದೆ, ಜಾಲರಿ ಉಂಡೆಗಳ ನೆತ್ತಿಯನ್ನು ಸವರುವಷ್ಟು ಮಾತ್ರ ತಾಗಿಸಿ ಚಿಕ್ಕ ಸುತ್ತುಗಳಲ್ಲಿ ಆಡಿಸಬೇಕು. ಎರಡು ಮೂರು ಸುತ್ತಿನ ಬಳಿಕ ಎತ್ತಿ ನೋಡಿದಾಗ ಉಂಡೆಗಳು ಹೋಗಿ ಹೆಣಿಗೆಯ ಸಾಲುಗಳು ಸ್ಪಷ್ಟವಾಗಿ ಕಂಡರೆ, ಬಟ್ಟೆಯ ಮೈ ಮುಟ್ಟಲು ಅಕ್ಕಪಕ್ಕದಂತೆಯೇ ಇದ್ದರೆ ಈ ಮಟ್ಟ ಸರಿಯಿದೆ. ಡಬ್ಬಿಯಲ್ಲಿ ಬಿದ್ದುದನ್ನೂ ನೋಡಬೇಕು. ಗುಂಡಾದ ತುಣುಕುಗಳು ಬಿದ್ದಿದ್ದರೆ ಉಂಡೆಗಳನ್ನು ಕತ್ತರಿಸುತ್ತಿದ್ದೇವೆ. ಹಿಟ್ಟಿನಂಥ ನುಣುಪಾದ ನವಿರೇ ಹೆಚ್ಚಾಗಿ ಬಿದ್ದಿದ್ದರೆ ಬಟ್ಟೆಯ ಮೈಯನ್ನೇ ಹೆರೆಯುತ್ತಿದ್ದೇವೆ. ಉಂಡೆಗಳ ಗಾತ್ರ ಕಡಿಮೆಯಾಗುತ್ತ ಬಂದಂತೆ ಡಬ್ಬಿಯಲ್ಲಿ ಈ ನವಿರು ಹೆಚ್ಚುತ್ತದೆ, ಮತ್ತು ನಿಲ್ಲಿಸಬೇಕಾದ ಹೊತ್ತನ್ನು ಕಣ್ಣಿಗಿಂತ ಚೆನ್ನಾಗಿ ಅದೇ ತಿಳಿಸುತ್ತದೆ.

ಹೆಗಲಿನ ಮೇಲಿನ ಕೆಲವು ಉಂಡೆಗಳು ತೂತಿಗೆ ಹಿಡಿಸದಷ್ಟು ದೊಡ್ಡವಾಗಿರಬಹುದು. ಅವುಗಳ ಮೇಲೆ ಶೇವರನ್ನು ಮತ್ತೆ ಮತ್ತೆ ಉಜ್ಜುವುದಕ್ಕಿಂತ ಮೊಂಡು ತುದಿಯ ಚಿಕ್ಕ ಕತ್ತರಿಯನ್ನು ಬಟ್ಟೆಗೆ ಸಮಾನಾಂತರವಾಗಿ ಹಿಡಿದು ಒಂದೊಂದಾಗಿ ತೊಟ್ಟು ಕತ್ತರಿಸುವುದೇ ಒಳ್ಳೆಯದು. ಕೊನೆಗೆ ಅಂಟುಪಟ್ಟಿಯಿಂದ ಉಳಿದ ಕಸವನ್ನು ಎತ್ತಬೇಕು. ಡಬ್ಬಿಯ ಕಸ ಪ್ಲಾಸ್ಟಿಕ್ಕಿನದೇ ಆದ ಎಳೆಯಾದ್ದರಿಂದ ಅದನ್ನು ಸಿಂಕಿಗೆ ತೊಳೆದುಬಿಡದೆ ಕಾಗದದಲ್ಲಿ ಸುತ್ತಿ ಒಣಕಸದ ಬುಟ್ಟಿಗೆ ಹಾಕಬೇಕು. ಡಬ್ಬಿ ಬರಿದು ಮಾಡುವಾಗ ನವಿರು ಗಾಳಿಗೆ ಏಳುತ್ತದೆ; ಉಬ್ಬಸವಿರುವವರು ಮೂಗಿಗೆ ಮಾಸ್ಕು ಕಟ್ಟಿಕೊಳ್ಳುವುದು ಲೇಸು.

ಲಕ್ಷಣ: ತೆಗೆದ ಕೆಲವೇ ದಿನಗಳಲ್ಲಿ ಉಂಡೆಗಳು ಮರಳುತ್ತವೆ

ಉಂಡೆಗಳನ್ನು ಕಿತ್ತಿದ್ದರೆ ಅಥವಾ ಬಾಚಣಿಗೆಯಿಂದ ಎಳೆದಿದ್ದರೆ ಕಾರಣ ಹುಡುಕಬೇಕಾಗಿಲ್ಲ: ಹೊರಬಂದ ಎಳೆಗಳು ಅಲ್ಲೇ ಉಳಿದಿವೆ. ಶೇವರಿನಿಂದ ಕತ್ತರಿಸಿದ ಮೇಲೂ ಮರಳಿದರೆ ಒಗೆಯುವ ಕ್ರಮ ಬದಲಾಗಬೇಕು. ಬಟ್ಟೆಯನ್ನು ಒಳಹೊರಗು ಮಾಡಿ, ಜೀನ್ಸು ಮತ್ತು ಟವೆಲುಗಳಿಂದ ಬೇರ್ಪಡಿಸಿ, ಯಂತ್ರದ ಸೌಮ್ಯ ಕ್ರಮದಲ್ಲಿ ತಣ್ಣೀರಿನಲ್ಲಿ ಒಗೆಯಬೇಕು. ಹತ್ತಿಯ ಗುಂಜನ್ನು ತಿನ್ನುವ ಸೆಲ್ಯುಲೇಸ್ ಎಂಬ ಕಿಣ್ವ ಕೆಲವು ಡಿಟರ್ಜೆಂಟುಗಳಲ್ಲಿರುತ್ತದೆ. ಅದು ಬೆರಕೆಯ ಬಟ್ಟೆಯಲ್ಲಿನ ಹತ್ತಿ ಮತ್ತು ವಿಸ್ಕೋಸಿನ ಎಳೆಗಳ ಮೇಲೆ ಕೆಲಸ ಮಾಡಬಲ್ಲುದು, ಪಾಲಿಯೆಸ್ಟರ್ ಮತ್ತು ಅಕ್ರಿಲಿಕ್ ಮೇಲೆ ಅದರಿಂದ ಏನೂ ಆಗದು. ಸಡಿಲವಾಗಿ ಹೊಸೆದ ನೂಲಿನ ಅಗ್ಗದ ಹೆಣಿಗೆಯಲ್ಲಿ ಉಂಡೆ ಏಳುವುದು ಬಟ್ಟೆಯ ಗುಣವೇ ಆಗಿರುತ್ತದೆ. ಅಲ್ಲಿ ಪದೇ ಪದೇ ಶೇವರ್ ಹಿಡಿಯುವುದಕ್ಕಿಂತ ಕಣ್ಣಿಗೆ ಬೀಳುವ ಉಂಡೆಗಳನ್ನಷ್ಟೇ ತೆಗೆದು ಸುಮ್ಮನಿರುವುದು ಬಟ್ಟೆಯ ಆಯುಷ್ಯಕ್ಕೆ ಹಿತ.

ಲಕ್ಷಣ: ಬಟ್ಟೆ ತೆಳುವಾಗಿದೆ, ಅಥವಾ ತೂತು ಬಿದ್ದಿದೆ

ಪ್ರತಿ ಸಲ ಶೇವರ್ ಆಡಿಸಿದಾಗಲೂ ಬಟ್ಟೆ ಒಂದಿಷ್ಟು ಎಳೆಗಳನ್ನು ಕಳೆದುಕೊಳ್ಳುತ್ತದೆ. ಕಿಟಕಿಯ ಬೆಳಕಿಗೆ ಎದುರಾಗಿ ಹಿಡಿದಾಗ ಹೆಗಲು ಅಥವಾ ಕಂಕುಳಿನ ಭಾಗ ಬೆನ್ನಿಗಿಂತ ಹೆಚ್ಚು ಬೆಳಕು ಬಿಟ್ಟುಕೊಟ್ಟರೆ ಅಲ್ಲಿ ಇನ್ನು ಶೇವರ್ ಕೂಡದು. ಉಳಿದ ಉಂಡೆಗಳಿಗೆ ಕತ್ತರಿಯೇ ಗತಿ.

ತೂತು ಬಿದ್ದಿದ್ದರೆ ಅದು ನೇಯ್ದ ಬಟ್ಟೆಯೋ ಹೆಣೆದ ಬಟ್ಟೆಯೋ ಎಂದು ನೋಡಬೇಕು. ಪ್ಯಾಂಟಿನಂಥ ನೇಯ್ಗೆಯಲ್ಲಿ ಒಂದು ನೂಲು ತುಂಡಾದರೂ ಅಡ್ಡನೂಲುಗಳು ಅದನ್ನು ಹಿಡಿದಿರುತ್ತವೆ, ಆದ್ದರಿಂದ ಸ್ವಲ್ಪ ಸಮಯವಿದೆ. ಸ್ವೆಟರು ಮತ್ತು ಟೀ ಶರ್ಟಿನಲ್ಲಿ ಒಂದು ಕುಣಿಕೆ ಹರಿದರೆ ಅದಕ್ಕೆ ಜೋತುಬಿದ್ದ ಕುಣಿಕೆಗಳೂ ಒಂದೊಂದಾಗಿ ಬಿಚ್ಚಿಕೊಂಡು ಏಣಿಯಂತೆ ಸಾಗುತ್ತವೆ. ಆಗ ಬಟ್ಟೆಯನ್ನು ಹಿಗ್ಗಿಸಿ ತೂತಿನ ಗಾತ್ರ ಪರೀಕ್ಷಿಸಬಾರದು, ಒಗೆಯಲೂ ಬಾರದು. ಬಿಡಿಯಾದ ಕುಣಿಕೆಗಳಿಗೆ ಒಂದು ಚಿಕ್ಕ ಸೇಫ್ಟಿ ಪಿನ್ನನ್ನು ಪೋಣಿಸಿಟ್ಟರೆ ಬಿಚ್ಚುವುದು ಅಲ್ಲಿಗೆ ನಿಲ್ಲುತ್ತದೆ. ಒಂದೆರಡು ಕುಣಿಕೆಗಳಷ್ಟೇ ಹರಿದಿದ್ದು ಹೆಣಿಗೆ ಬಲ್ಲವರು ಮನೆಯಲ್ಲಿದ್ದರೆ ಅದೇ ಬಣ್ಣದ ನೂಲಿನಿಂದ ಸೇರಿಸಬಹುದು. ಅದಕ್ಕಿಂತ ದೊಡ್ಡದಾದರೆ ರಫು ಮಾಡುವವರ ಬಳಿಗೆ ಒಯ್ಯಬೇಕು. ಕೊಡುವಾಗ ಬಟ್ಟೆಯ ಲೇಬಲ್ಲನ್ನು ತೋರಿಸಿ, ಅದು ಅಕ್ರಿಲಿಕ್ಕೋ ಪಾಲಿಯೆಸ್ಟರ್ ಬೆರಕೆಯೋ ಎಂದು ಹೇಳಿ, ರಫು ಮುಗಿದ ಮೇಲೆ ಬಿಸಿ ಇಸ್ತ್ರಿಯನ್ನು ನೇರವಾಗಿ ಒತ್ತಬೇಡಿ ಎಂದು ತಿಳಿಸಬೇಕು. ಎಲಾಸ್ಟೇನ್ ಎಳೆ ತುಂಡಾಗಿ ಅಲೆಯೆದ್ದ ಲೆಗ್ಗಿಂಗ್ಸಿಗೆ ಮಾತ್ರ ರಫಿನಿಂದಲೂ ಪ್ರಯೋಜನವಿಲ್ಲ, ಅದರ ಮೇಲೆ ಹಣ ಹಾಕುವುದು ಬೇಡ.